ಬ್ಯಾಂಕಿಗೆ ಬಂದದ್ದೇ ಮಾರಾಟವಲ್ಲ

ಇಳಕಲ್ಲಿನಿಂದ ಬಂದಿದ್ದ ಆ ಅಕ್ಕ ಪಾಸ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು. "ನಾಲ್ಕು ಸಾವಿರದ ಇನ್ನೂರಕ್ಕ ಸೀರಿ ಮಾರೀನ್ರಿ ಸರ. ಬ್ಯಾಂಕಿಗೆ ನಾಲ್ಕು ಸಾವಿರದ ನೂರು ಅಷ್ಟ ಬಂದೈತಿ. ನೂರು ರೂಪಾಯಿ ಎಲ್ಲಿ ಹೋತ್ರಿ?" ಮನೆಯಲ್ಲೇ ಎರಡು ಮಗ್ಗ, ಮಗ ಮಾಡಿಕೊಟ್ಟ ಒಂದು ವೆಬ್‌ಸೈಟ್, ಅದಕ್ಕೊಂದು ಪೇಮೆಂಟ್ ಗೇಟ್‌ವೇ. ಗ್ರಾಹಕರು ಬೆಂಗಳೂರಿನಿಂದಲೂ ಪುಣೆಯಿಂದಲೂ ಕಾರ್ಡಿನಲ್ಲಿ ದುಡ್ಡು ಕಟ್ಟುತ್ತಾರೆ. ಎರಡು ದಿನ ಬಿಟ್ಟು ಅದು ಇವರ ಖಾತೆಗೆ ಬರುತ್ತದೆ. ಬರುವಾಗ ಪ್ರತಿ ಸಲವೂ ಸ್ವಲ್ಪ ಸವೆದೇ ಬರುತ್ತದೆ.

ಅವರ ನೋಟ್‌ಬುಕ್ಕಿನಲ್ಲಿ ಮಾರಾಟದ ಲೆಕ್ಕವೆಲ್ಲ ಪಾಸ್‌ಬುಕ್ಕನ್ನು ನೋಡಿ ಬರೆದದ್ದು. ಬಂದಷ್ಟೇ ಮಾರಾಟ. ನೋಡಲು ಪ್ರಾಮಾಣಿಕವಾದ ಲೆಕ್ಕವೇ, ಬಾರದ ದುಡ್ಡನ್ನು ಬಂತೆಂದು ಯಾರು ಬರೆದುಕೊಳ್ಳುತ್ತಾರೆ? ಆದರೆ ಈ ಒಂದು ಅಭ್ಯಾಸದಿಂದ ಮೂರು ತಪ್ಪು ಒಟ್ಟಿಗೆ ಹುಟ್ಟುತ್ತವೆ. ಮಾರಾಟ ಕಡಿಮೆಯಾಗಿ ಕಾಣುತ್ತದೆ, ಖರ್ಚು ಪುಸ್ತಕಕ್ಕೇ ಬರುವುದಿಲ್ಲ, ಆ ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸ್ಸು ಸಿಗುವ ದಾರಿ ಮುಚ್ಚಿಹೋಗುತ್ತದೆ. ಸಣ್ಣ ಆನ್‌ಲೈನ್ ವ್ಯಾಪಾರಿಗಳ ಪುಸ್ತಕಗಳಲ್ಲಿ ನಾನು ಅತಿ ಹೆಚ್ಚು ಸಲ ತಿದ್ದಿರುವ ತಪ್ಪು ಇದು. ಅದಕ್ಕೇ ಆ ನೂರು ರೂಪಾಯಿಯ ದಾರಿಯನ್ನು ನಿಧಾನವಾಗಿ ಹಿಂಬಾಲಿಸಬೇಕೆನಿಸಿತು.

ಸೀರೆಯ ಬೆಲೆ 4,000 ರೂಪಾಯಿ. ಅದರ ಮೇಲೆ ಶೇ 5ರ ಜಿಎಸ್‌ಟಿ 200. ಗ್ರಾಹಕಿ ಕಟ್ಟಿದ್ದು 4,200. ಗೇಟ್‌ವೇ ಕಂಪನಿಯ ಶುಲ್ಕ ಅವರ ಒಪ್ಪಂದದಂತೆ ಶೇ 2. ಅದನ್ನು ತೆರಿಗೆ ಸೇರಿದ ಪೂರ್ತಿ 4,200ರ ಮೇಲೆ ಹಾಕುತ್ತಾರೆ, ಹಾಗಾಗಿ 84 ರೂಪಾಯಿ. ಗೇಟ್‌ವೇ ಕೊಟ್ಟದ್ದೂ ಒಂದು ಸೇವೆಯೇ ಆದ್ದರಿಂದ ಆ 84ರ ಮೇಲೆ ಶೇ 18ರ ಜಿಎಸ್‌ಟಿ, ಅಂದರೆ 15 ರೂಪಾಯಿ 12 ಪೈಸೆ. ಎರಡೂ ಸೇರಿ 99.12. ಉಳಿದ 4,100.88 ಬ್ಯಾಂಕಿಗೆ ಬಂತು. ಶೇ 2 ಎಂದು ಒಪ್ಪಿದ್ದು ಶೇ 2.36 ಆಗಿದ್ದು ಹೀಗೆ.

"ಅಂದ್ರ ಅವರು ನನ್ನ ಕಡಿಂದ ತಗೊಂಡ್ರು?" ಎಂದರು ಅಕ್ಕ. ಹೌದು, ಆದರೆ ಕೇಳಿ ತಗೊಳ್ಳಲಿಲ್ಲ, ಮುರಿದುಕೊಂಡು ಕೊಟ್ಟರು. ಎಡವಟ್ಟು ಆಗುವುದು ಇಲ್ಲೇ. ಅಂಗಡಿ ಬಾಡಿಗೆಯನ್ನು ನಾವೇ ಎಣಿಸಿ ಕೊಡುತ್ತೇವೆ, ಆದ್ದರಿಂದ ಖರ್ಚೆಂದು ಬರೆಯಲು ಮರೆಯುವುದಿಲ್ಲ. ಗೇಟ್‌ವೇ ಶುಲ್ಕ ನಮ್ಮ ಕೈಗೆ ಬಂದು ಹೋಗುವುದೇ ಇಲ್ಲ. ಕಣ್ಣಿಗೆ ಬೀಳದ ಖರ್ಚು ಪುಸ್ತಕಕ್ಕೂ ಬೀಳುವುದಿಲ್ಲ.

ಕಾನೂನಿನ ಕಣ್ಣಿಗೆ ಇಲ್ಲಿ ನಡೆದಿರುವುದು ಎರಡು ವ್ಯವಹಾರ. ಅಕ್ಕ ಗ್ರಾಹಕಿಗೆ ಸೀರೆ ಮಾರಿದ್ದು ಒಂದು. ಗೇಟ್‌ವೇ ಕಂಪನಿ ಅಕ್ಕನಿಗೆ ಸೇವೆ ಮಾರಿದ್ದು ಇನ್ನೊಂದು. ಮೊದಲನೆಯದರಲ್ಲಿ ಸೀರೆಯ ಮೌಲ್ಯ ಎಂದರೆ ಗ್ರಾಹಕಿ ಸೀರೆಗೆಂದು ಕೊಟ್ಟದ್ದು. ಮಾರಿದವರು ಆ ದುಡ್ಡನ್ನು ಪಡೆಯಲು ಯಾರಿಗೆ ಎಷ್ಟು ಕೊಟ್ಟರು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ 4,000ದ ಮಾರಾಟವನ್ನು ಪೂರ್ತಿಯಾಗಿ ತೋರಿಸಿ 200 ತೆರಿಗೆ ಕಟ್ಟಲೇಬೇಕು. ಅಕ್ಕ ಬ್ಯಾಂಕಿಗೆ ಬಂದ 4,100.88ರೊಳಗೇ ತೆರಿಗೆ ಇದೆ ಎಂದುಕೊಂಡು ಹಿಂದಕ್ಕೆ ಲೆಕ್ಕ ಹಾಕಿದ್ದರು. ಹಾಗೆ ಹಾಕಿದರೆ ತೆರಿಗೆ 195.28 ಬರುತ್ತದೆ. ಒಂದು ಸೀರೆಗೆ 4 ರೂಪಾಯಿ 72 ಪೈಸೆ ಕಡಿಮೆ ಕಟ್ಟಿದಂತಾಯಿತು. ಅದೇ ಸೀರೆಯಲ್ಲಿ ತಮಗೆ ನ್ಯಾಯವಾಗಿ ಸಿಗಬೇಕಿದ್ದ 15 ರೂಪಾಯಿ 12 ಪೈಸೆಯ ಇನ್‌ಪುಟ್ ಕ್ರೆಡಿಟ್ ಬಿಟ್ಟುಕೊಟ್ಟಿದ್ದರು. ಸರ್ಕಾರಕ್ಕೆ ಬಾಕಿದಾರರಾದರು, ತಮ್ಮದನ್ನೂ ಕಳೆದುಕೊಂಡರು. ಗೇಟ್‌ವೇ ಮೂಲಕ ವರ್ಷಕ್ಕೆ 30 ಲಕ್ಷ ರೂಪಾಯಿ ಹಾಯುವ ಅಂಗಡಿಯಲ್ಲಿ ಶೇ 2ರ ಶುಲ್ಕ 60,000. ಅದರ ಮೇಲಿನ ತೆರಿಗೆ 10,800ರವರೆಗೂ ಹೋಗುತ್ತದೆ. ನೇಕಾರರ ಮನೆಯಲ್ಲಿ ಅದು ಸಣ್ಣ ದುಡ್ಡಲ್ಲ.

ಹಾಗಾದರೆ ಬರೆಯುವುದು ಹೇಗೆ? ಬ್ಯಾಂಕ್ ಖಾತೆ, ಮಾರಾಟ ಖಾತೆಗಳ ಮಧ್ಯೆ ಇನ್ನೊಂದು ಖಾತೆ ತೆರೆಯಬೇಕು. ನಾನು ಅದಕ್ಕೆ 'ಗೇಟ್‌ವೇ ಬಾಕಿ' ಎಂದು ಹೆಸರಿಡುತ್ತೇನೆ. ಗ್ರಾಹಕಿ ದುಡ್ಡು ಕಟ್ಟಿದ ಕ್ಷಣದಲ್ಲಿ ಆಕೆಯ ಬಾಕಿ ತೀರಿತು, ಆದರೆ ದುಡ್ಡು ನಮಗೆ ಬರಲಿಲ್ಲ. ಅದು ಈಗ ಗೇಟ್‌ವೇ ಕಂಪನಿಯ ಕೈಯಲ್ಲಿದೆ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ತಂದ ನಿಯಮದಂತೆ ಇಂಥ ಕಂಪನಿಗಳು ವ್ಯಾಪಾರಿಗಳ ಹಣವನ್ನು ತಮ್ಮ ಸ್ವಂತ ಹಣದ ಜೊತೆ ಬೆರೆಸದೆ ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಇಡಬೇಕು. ಅಂದರೆ ಆ ಎರಡು ದಿನ ದುಡ್ಡು ನಿಜವಾಗಿಯೂ ಒಂದು ನಡುಮನೆಯಲ್ಲಿ ಕೂತಿರುತ್ತದೆ. ನಮ್ಮ ಪುಸ್ತಕದಲ್ಲೂ ಆ ನಡುಮನೆ ಇರಬೇಕು.

ಒಂದು ಸೀರೆಯ ಲೆಕ್ಕ ಸುಲಭ. ಆದರೆ ಪಾಸ್‌ಬುಕ್ಕಿನಲ್ಲಿ ಸೀರೆಗೊಂದು ಸಾಲು ಬರುವುದಿಲ್ಲ. ದಿನದ ಆರ್ಡರುಗಳೆಲ್ಲ ಒಟ್ಟಾಗಿ ಒಂದೇ ಮೊತ್ತವಾಗಿ ಬರುತ್ತವೆ. ಅಕ್ಕನ ಪಾಸ್‌ಬುಕ್ಕಿನ ಇನ್ನೊಂದು ಸಾಲು ತೆಗೆದುಕೊಂಡೆವು. ಜಮಾ 4,542.93. ಇದು ಯಾವ ಮಾರಾಟ? ಅವರಿಗೂ ಹೊಳೆಯಲಿಲ್ಲ. ಗೇಟ್‌ವೇಯ ಡ್ಯಾಶ್‌ಬೋರ್ಡಿನಿಂದ ಆ ದಿನದ ಸೆಟ್ಲ್‌ಮೆಂಟ್ ವರದಿ ಇಳಿಸಿಕೊಂಡೆವು. ಬ್ಯಾಂಕಿನ ಸಾಲಿನಲ್ಲಿರುವ ಯುಟಿಆರ್ ಸಂಖ್ಯೆ ವರದಿಯಲ್ಲೂ ಇರುತ್ತದೆ, ಅದರಿಂದ ಜೋಡಿ ಹುಡುಕಬಹುದು. ಮೊತ್ತ ನೋಡಿ ಊಹಿಸಲು ಹೋಗಬಾರದು.

ವರದಿಯಲ್ಲಿ ಮೂರು ಮಾರಾಟಗಳಿದ್ದವು. ಮೊದಲನೆಯದು ಅದೇ ದರದ ಇನ್ನೊಂದು ಸೀರೆ: 4,200, ಶುಲ್ಕ 84, ತೆರಿಗೆ 15.12. ಎರಡನೆಯದು ನೆಟ್‌ಬ್ಯಾಂಕಿಂಗ್‌ನಲ್ಲಿ ಬಂದ 2,625, ಶುಲ್ಕ 52.50, ತೆರಿಗೆ 9.45. ಮೂರನೆಯದು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ಖಣಗಳು, 1,050 ರೂಪಾಯಿ. ಶುಲ್ಕ 21. ತೆರಿಗೆಯ ಕಾಲಂನಲ್ಲಿ ಸೊನ್ನೆ.

"ಇದಕ್ಕ್ಯಾಕ ಟ್ಯಾಕ್ಸ್ ಇಲ್ರಿ? ಮರತಾರೇನು?" ಅಕ್ಕ ಕೇಳಿದ ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಮರೆತಿಲ್ಲ. ಕಾರ್ಡಿನ ಮೂಲಕ ಒಂದು ಸಲಕ್ಕೆ 2,000 ರೂಪಾಯಿಯವರೆಗಿನ ಪಾವತಿಯನ್ನು ಇತ್ಯರ್ಥ ಮಾಡಿಕೊಡುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದು ಬ್ಯಾಂಕುಗಳಿಗೆಂದು ಬರೆದ ನಿಯಮವಾಗಿತ್ತು. ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಪೇಮೆಂಟ್ ಅಗ್ರಿಗೇಟರ್‌ಗಳಿಗೂ ಅನ್ವಯಿಸುತ್ತದೆಯೇ ಎಂಬ ಗೊಂದಲ ಬಹಳ ಕಾಲ ಉಳಿದಿತ್ತು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಅನ್ವಯಿಸುತ್ತದೆ ಎಂದಿತು, 2025ರ ಜನವರಿಯಲ್ಲಿ ಸುತ್ತೋಲೆಯೂ ಹೊರಬಿತ್ತು. ಹಣವನ್ನು ತಾನು ಪಡೆದು ವ್ಯಾಪಾರಿಗೆ ಮುಟ್ಟಿಸುವ ಸಂಸ್ಥೆಗೆ ಮಾತ್ರ ಇದು ಸಲ್ಲುತ್ತದೆ. ಹಣ ಮುಟ್ಟದೆ ಬರೀ ತಾಂತ್ರಿಕ ದಾರಿ ಒದಗಿಸುವ ಗೇಟ್‌ವೇಗೆ ಸಲ್ಲುವುದಿಲ್ಲ. ನಾವು ಮಾತಿನಲ್ಲಿ ಎರಡನ್ನೂ ಗೇಟ್‌ವೇ ಎಂದೇ ಕರೆಯುತ್ತೇವೆ, ಕಾನೂನು ಹಾಗೆ ಕರೆಯುವುದಿಲ್ಲ.

ಇದರಿಂದ ಲೆಕ್ಕ ಬರೆಯುವವರು ಗಮನಿಸಬೇಕಾದದ್ದು ಒಂದಿದೆ. ಮುರಿದುಕೊಂಡ ಒಟ್ಟು ಮೊತ್ತವನ್ನು 1.18ರಿಂದ ಭಾಗಿಸಿ ಇಷ್ಟು ಶುಲ್ಕ, ಇಷ್ಟು ತೆರಿಗೆ ಎಂದು ಬಿಡಿಸುವ ಅಡ್ಡದಾರಿ ಬಹಳ ಕಡೆ ಇದೆ. ಎಲ್ಲ ಸಾಲಿಗೂ ಶೇ 18 ಬೀಳದಿರುವಾಗ ಆ ದಾರಿ ತಪ್ಪು ಊರಿಗೆ ಮುಟ್ಟಿಸುತ್ತದೆ. ಶುಲ್ಕವೂ ಎಲ್ಲ ಸಾಲಿಗೆ ಒಂದೇ ಇರುವುದಿಲ್ಲ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ವ್ಯಾಪಾರಿಯಿಂದ ಎಂಡಿಆರ್ ಎಂಬ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಗೇಟ್‌ವೇ ತನ್ನ ಸೇವೆಗೆಂದು ಬೇರೆ ಏನಾದರೂ ಹಾಕುತ್ತದೆಯೇ ಎಂಬುದು ನಿಮ್ಮ ಒಪ್ಪಂದದಲ್ಲಿರುತ್ತದೆ. ವರದಿಯ ಸಾಲುಗಳನ್ನು ಕೂಡಿಸುವುದೇ ಸರಿಯಾದ ದಾರಿ.

ಕೂಡಿಸುವಾಗಲೂ ಒಂದು ಗುಂಡಿ ಇದೆ. ಕಾಲಂಗಳ ಹೆಸರು ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ರೇಜರ್‌ಪೇಯ ದತ್ತಾಂಶದಲ್ಲಿ `fee` ಎಂದರೆ ತೆರಿಗೆಯೂ ಒಳಗೇ ಸೇರಿದ ಮೊತ್ತ, `tax` ಎಂದರೆ ಅದರೊಳಗಿನ ತೆರಿಗೆ ಎಷ್ಟು ಎಂಬ ವಿವರ. ಅಂದರೆ ನಮ್ಮ ಸೀರೆಗೆ `fee` 99.12, `tax` 15.12 ಎಂದಿರುತ್ತದೆ. ಎರಡನ್ನೂ ಕೂಡಿ 114.24 ಖರ್ಚು ಎಂದು ಬರೆದರೆ ತೆರಿಗೆಯನ್ನು ಎರಡು ಸಲ ಎಣಿಸಿದಂತೆ. ಶುಲ್ಕವನ್ನು ತೆರಿಗೆಯಿಂದ ಬೇರೆಯಾಗಿ ತೋರಿಸುವ ವರದಿಗಳೂ ಇವೆ, ಅಲ್ಲಿ ಕೂಡಿಸಲೇಬೇಕು. ಪರೀಕ್ಷೆ ಸುಲಭ. ಯಾವುದಾದರೂ ಒಂದು ಸಾಲು ತೆಗೆದುಕೊಂಡು, ಗ್ರಾಹಕ ಕಟ್ಟಿದ್ದರಿಂದ ನಿಮಗೆ ಬಂದದ್ದನ್ನು ಕಳೆಯಿರಿ. ಉಳಿದದ್ದು ಮೊದಲ ಕಾಲಮ್ಮಿಗೆ ಸಮ ಬಂದರೆ ತೆರಿಗೆ ಅದರೊಳಗೇ ಇದೆ.

ಮತ್ತೆ ಅಕ್ಕನ ಸಾಲಿಗೆ ಬರೋಣ. ಮೂರು ಮಾರಾಟ ಸೇರಿ 7,875. ಶುಲ್ಕ 157.50, ತೆರಿಗೆ 24.57, ಒಟ್ಟು ಕಡಿತ 182.07. ಹಾಗಿದ್ದರೆ ಬರಬೇಕಾದದ್ದು 7,692.93. ಬ್ಯಾಂಕಿನಲ್ಲಿರುವುದು 4,542.93. ಇನ್ನೂ 3,150 ಕೊರತೆ. ವರದಿಯ ಕೊನೆಯಲ್ಲಿ ಅದೂ ಸಿಕ್ಕಿತು. ಹಿಂದಿನ ವಾರ ಮಾರಿದ್ದ ಸೀರೆಯೊಂದರ ಬಣ್ಣ ಒಪ್ಪದೆ ಗ್ರಾಹಕಿ ಹಿಂದಿರುಗಿಸಿದ್ದರು. ಮಗ ಫೋನಿನಲ್ಲೇ ರೀಫಂಡ್ ಒತ್ತಿದ್ದ, ತಾಯಿಗೆ ಹೇಳಿರಲಿಲ್ಲ. ಗೇಟ್‌ವೇ ಕಂಪನಿ ಅವರ ಖಾತೆಯಿಂದ ದುಡ್ಡು ಕೇಳುವ ಬದಲು ಆ ದಿನದ ಸೆಟ್ಲ್‌ಮೆಂಟಿನಲ್ಲೇ ಮುರಿದುಕೊಂಡಿತ್ತು.

ಈಗ ಪುಸ್ತಕಕ್ಕೆ ಇಳಿಸಿದೆವು. ಮಾರಿದ ದಿನ: ಗೇಟ್‌ವೇ ಬಾಕಿ ಖಾತೆಗೆ 7,875 ಡೆಬಿಟ್, ಮಾರಾಟಕ್ಕೆ 7,500, ಕಟ್ಟಬೇಕಾದ ಜಿಎಸ್‌ಟಿಗೆ 375 ಕ್ರೆಡಿಟ್. ಸೀರೆ ಹಿಂದೆ ಬಂದದ್ದಕ್ಕೆ ಕ್ರೆಡಿಟ್ ನೋಟ್ ಹರಿದು, ಮಾರಾಟ ವಾಪಸಿಗೆ 3,000, ಜಿಎಸ್‌ಟಿಗೆ 150 ಡೆಬಿಟ್. ಗೇಟ್‌ವೇ ಬಾಕಿಗೆ 3,150 ಕ್ರೆಡಿಟ್. ದುಡ್ಡು ಬಂದ ದಿನ: ಬ್ಯಾಂಕಿಗೆ 4,542.93, ಗೇಟ್‌ವೇ ಶುಲ್ಕ ಎಂಬ ಖರ್ಚಿಗೆ 157.50, ಇನ್‌ಪುಟ್ ಜಿಎಸ್‌ಟಿಗೆ 24.57, ಈ ಮೂರೂ ಡೆಬಿಟ್. ಮೊತ್ತ 4,725 ಗೇಟ್‌ವೇ ಬಾಕಿಗೆ ಕ್ರೆಡಿಟ್. 7,875 ಬಂದ ಖಾತೆಯಿಂದ 3,150 ಮತ್ತು 4,725 ಹೊರಗೆ ಹೋದವು. ಉಳಿದದ್ದು ಸೊನ್ನೆ. ಆ ಸೊನ್ನೆ ನೋಡಿದ ಮೇಲೆಯೇ ಅಕ್ಕ ಚಹಾ ಲೋಟ ಕೈಗೆತ್ತಿಕೊಂಡದ್ದು.

ಹಿಂದೆ ಬಂದ ಸೀರೆಯ ಬಗ್ಗೆ ಇನ್ನೊಂದು ಮಾತು. ಗ್ರಾಹಕಿಗೆ ಪೂರ್ತಿ 3,150 ಹೋಯಿತು, ಆದರೆ ಹಿಂದಿನ ವಾರ ಆ ಸೀರೆಗೆಂದು ಮುರಿದುಕೊಂಡಿದ್ದ 63 ರೂಪಾಯಿ ಶುಲ್ಕ, 11.34 ತೆರಿಗೆ ವಾಪಸ್ಸು ಬರಲಿಲ್ಲ. ಸಾಮಾನ್ಯವಾಗಿ ಬರುವುದಿಲ್ಲ. ಮಾರಾಟ ರದ್ದಾದರೂ ಗೇಟ್‌ವೇ ಕೊಟ್ಟ ಸೇವೆ ರದ್ದಾಗಲಿಲ್ಲ. ಆದ್ದರಿಂದ ಆ ಶುಲ್ಕವನ್ನು ಅಳಿಸಬಾರದು. ಅದು ಖರ್ಚಾಗಿಯೇ ಉಳಿಯಬೇಕು, ಅದರ ತೆರಿಗೆಯ ಕ್ರೆಡಿಟ್ಟೂ ಉಳಿಯುತ್ತದೆ.

ಇಲ್ಲಿಯವರೆಗೆ ಇನ್‌ಪುಟ್ ಜಿಎಸ್‌ಟಿ ಎಂದು ಸಲೀಸಾಗಿ ಬರೆದೆ. ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಅದು ಸಿಗುವುದಿಲ್ಲ. ಸೆಟ್ಲ್‌ಮೆಂಟ್ ವರದಿ ತೆರಿಗೆ ಬಿಲ್ ಅಲ್ಲ. ಗೇಟ್‌ವೇ ಕಂಪನಿ ಸಾಮಾನ್ಯವಾಗಿ ತಿಂಗಳಿಗೊಂದು ಜಿಎಸ್‌ಟಿ ಇನ್‌ವಾಯ್ಸ್ ಕೊಡುತ್ತದೆ. ಅದರಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇರಬೇಕು, ಕಂಪನಿ ಅದನ್ನು ತನ್ನ ರಿಟರ್ನಿನಲ್ಲಿ ತೋರಿಸಿರಬೇಕು, ಅದು ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಕಾಣಬೇಕು. 2022ರ ಜನವರಿಯಿಂದ ಈ ಕೊನೆಯದು ಕಡ್ಡಾಯ. ಅಕ್ಕನ 2ಬಿ ತೆರೆದು ನೋಡಿದಾಗ ನೂಲು ಮಾರಿದವರ ಹೆಸರಿತ್ತು, ಕೊರಿಯರಿನವರ ಹೆಸರಿತ್ತು. ಗೇಟ್‌ವೇ ಕಂಪನಿಯ ಹೆಸರು ಒಂದು ತಿಂಗಳೂ ಇರಲಿಲ್ಲ. ಮಗ ಖಾತೆ ತೆರೆಯುವಾಗ ಪ್ಯಾನ್ ಕೊಟ್ಟು, ಜಿಎಸ್‌ಟಿ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟಿದ್ದ. ಕಂಪನಿಯ ಪಾಲಿಗೆ ಅಕ್ಕ ನೋಂದಣಿಯಿಲ್ಲದ ಗ್ರಾಹಕಿ. ಅವರ ಇನ್‌ವಾಯ್ಸುಗಳೆಲ್ಲ ಬೇರೆ ಪಟ್ಟಿಗೆ ಹೋಗಿದ್ದವು.

ಇದನ್ನು ನಾವು ನೋಡಿದ್ದು ಅಕ್ಟೋಬರ್‌ನಲ್ಲಿ. ಒಂದು ಹಣಕಾಸು ವರ್ಷದ ಬಿಲ್ಲುಗಳ ಕ್ರೆಡಿಟ್ಟನ್ನು ಮುಂದಿನ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದ್ದರೆ ಅಷ್ಟರೊಳಗೆ, ತೆಗೆದುಕೊಳ್ಳಬೇಕು. ಗೇಟ್‌ವೇಯವರಿಗೆ ಬರೆದೆವು. ನಡೆಯುತ್ತಿದ್ದ ವರ್ಷದ ಇನ್‌ವಾಯ್ಸುಗಳನ್ನು ಅವರು ತಿದ್ದಿಕೊಟ್ಟರು. ಹಿಂದಿನ ವರ್ಷದವು ನವೆಂಬರ್ ಗಡಿ ದಾಟುವ ಮೊದಲು ತಿದ್ದಿ ಬರಲಿಲ್ಲ, ಆ ತೆರಿಗೆಯನ್ನು ಖರ್ಚಿಗೇ ಸೇರಿಸಬೇಕಾಯಿತು. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟ. ಒಂದು ಖಾಲಿ ಬಿಟ್ಟ ಚೌಕ, ಹದಿನೈದು ಅಕ್ಷರದ ಸಂಖ್ಯೆ.

ಪ್ರತಿ ತಿಂಗಳು ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಮೊದಲ ತಿಂಗಳಲ್ಲೇ ಗೊತ್ತಾಗುತ್ತಿತ್ತು: ಸೆಟ್ಲ್‌ಮೆಂಟ್ ವರದಿಗಳ ತೆರಿಗೆ ಕಾಲಂನ ಮೊತ್ತ, ತಿಂಗಳ ಇನ್‌ವಾಯ್ಸಿನ ತೆರಿಗೆ, 2ಬಿಯಲ್ಲಿರುವ ತೆರಿಗೆ. ಪೈಸೆಯ ವ್ಯತ್ಯಾಸ ಬರಬಹುದು. ಪ್ರತಿ ಸಾಲಿಗೆ ಪೈಸೆ ಸರಿಹೊಂದಿಸಿ ಕೂಡಿದ್ದಕ್ಕೂ ಮೊತ್ತದ ಮೇಲೆ ಒಮ್ಮೆಲೇ ತೆರಿಗೆ ಹಾಕಿದ್ದಕ್ಕೂ ಅಷ್ಟು ಅಂತರ ಇರುತ್ತದೆ. ರೂಪಾಯಿಗಳ ವ್ಯತ್ಯಾಸ ಬಂದರೆ ಹುಡುಕಬೇಕು. ಗೇಟ್‌ವೇ ಕಂಪನಿ ಕರ್ನಾಟಕದಲ್ಲಿನ ತನ್ನ ನೋಂದಣಿಯಿಂದ ಬಿಲ್ ಕೊಟ್ಟರೆ ತೆರಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಪಾಲಾಗಿರುತ್ತದೆ. ಹೊರರಾಜ್ಯದಿಂದ ಕೊಟ್ಟರೆ ಐಜಿಎಸ್‌ಟಿ. ವರದಿ ಇದನ್ನು ಹೇಳದಿದ್ದರೂ ಇನ್‌ವಾಯ್ಸ್ ಹೇಳುತ್ತದೆ.

ಕಂಪೋಸಿಷನ್ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೂ ಜಿಎಸ್‌ಟಿ ನೋಂದಣಿಯೇ ಇಲ್ಲದವರಿಗೂ ಈ ಕ್ರೆಡಿಟ್ ಇಲ್ಲ. ಅವರು ಶುಲ್ಕ, ತೆರಿಗೆ ಎರಡನ್ನೂ ಕೂಡಿ 99.12 ಎಂದು ಖರ್ಚಿಗೆ ಬರೆದರೆ ಸಾಕು. ಆದರೆ ಮಾರಾಟವನ್ನು ಪೂರ್ತಿ ಬರೆಯುವುದರಿಂದ ಅವರಿಗೂ ವಿನಾಯಿತಿ ಇಲ್ಲ, ನಿಜಕ್ಕೂ ಅವರಿಗೇ ಅದು ಹೆಚ್ಚು ಮುಖ್ಯ. ರಾಜ್ಯದೊಳಗೆ ಮಾತ್ರ ಸರಕು ಮಾರುವವರಿಗೆ ನೋಂದಣಿಯ ಮಿತಿ 40 ಲಕ್ಷ. ಬ್ಯಾಂಕಿಗೆ ವರ್ಷಕ್ಕೆ 39 ಲಕ್ಷ 20 ಸಾವಿರ ಬಂದಿದೆ, ಮಿತಿಯೊಳಗಿದ್ದೇನೆ ಎಂದು ನೆಮ್ಮದಿಯಾಗಿರುವವರ ನಿಜವಾದ ಮಾರಾಟ, ಶೇ 2.36 ಕಡಿತವಾಗಿದ್ದರೆ, 40 ಲಕ್ಷ 14 ಸಾವಿರ ದಾಟಿರುತ್ತದೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮಾಹಿತಿ ತರಿಸಿಕೊಂಡು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಪಾವತಿ ಕಂಪನಿಗಳ ಬಳಿ ಇರುವುದು ಗ್ರಾಹಕ ಕಟ್ಟಿದ ಮೊತ್ತದ ಲೆಕ್ಕ. ನಿಮ್ಮ ಪುಸ್ತಕದಲ್ಲಿ ಕಡಿತದ ನಂತರದ ಮೊತ್ತವಿದ್ದರೆ ಎರಡೂ ಎಂದಿಗೂ ಹೊಂದುವುದಿಲ್ಲ, ಹೊಂದದ್ದಕ್ಕೆ ಉತ್ತರ ಕೊಡಬೇಕಾದವರು ನೀವು.

ಗೇಟ್‌ವೇ ಬಾಕಿ ಖಾತೆ ಒಮ್ಮೆ ರೂಢಿಯಾದರೆ ಅದು ತಾನಾಗಿ ಮಾತಾಡುತ್ತದೆ. ಅದರಲ್ಲಿ ಯಾವಾಗಲೂ ಕಳೆದ ಎರಡು ಮೂರು ದಿನದ ಮಾರಾಟದಷ್ಟೇ ದುಡ್ಡು ನಿಂತಿರಬೇಕು. ಹಳೆಯ ಬಾಕಿ ಬೆಳೆಯುತ್ತಾ ಹೋಗುತ್ತಿದ್ದರೆ ಅದು ಒಟ್ಟು ಮಾರಾಟದ ಎಷ್ಟನೇ ಭಾಗ ಎಂದು ನೋಡಿ. ಶೇ 2.36ರ ಆಸುಪಾಸಿನಲ್ಲಿದ್ದರೆ ಶುಲ್ಕವನ್ನು ಬರೆದೇ ಇಲ್ಲ. ಶೇ 0.36ರ ಆಸುಪಾಸಿನಲ್ಲಿದ್ದರೆ ಶುಲ್ಕ ಬರೆದು ತೆರಿಗೆ ಬಿಟ್ಟಿದ್ದೀರಿ. ಒಂದು ಆರ್ಡರಿನ ಪೂರ್ತಿ ಮೊತ್ತ ಅಲ್ಲಾಡದೆ ಕೂತಿದ್ದರೆ ಗೇಟ್‌ವೇ ಆ ದುಡ್ಡನ್ನು ತಡೆಹಿಡಿದಿದೆ, ಇಲ್ಲವೇ ಗ್ರಾಹಕ ತನ್ನ ಬ್ಯಾಂಕಿಗೆ ತಕರಾರು ಕೊಟ್ಟಿದ್ದಾನೆ, ಇಲ್ಲವೇ ನಗದಿನಲ್ಲಿ ಬಂದ ಆರ್ಡರನ್ನು ತಪ್ಪಾಗಿ ಇಲ್ಲಿಗೆ ಬರೆದಿದ್ದೀರಿ. ಹೇಳದೆ ಒತ್ತಿದ ರೀಫಂಡೂ ಹಾಗೆಯೇ ಕಾಣುತ್ತದೆ. ಖಾತೆ ಉಲ್ಟಾ ತಿರುಗಿ ನಾವೇ ಗೇಟ್‌ವೇಗೆ ಕೊಡಬೇಕೆಂದು ತೋರಿಸಿದರೆ ಯಾವುದೋ ಮಾರಾಟಕ್ಕೆ ಬಿಲ್ಲೇ ಹಾಕಿಲ್ಲ.

ವರ್ಷದ ಕೊನೆಗೆ ಮಾತ್ರ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಮಾರ್ಚ್ 30, 31ರ ಮಾರಾಟದ ದುಡ್ಡು ಏಪ್ರಿಲ್‌ನಲ್ಲಿ ಬರುತ್ತದೆ. ಮಾರಾಟ ಹಳೆಯ ವರ್ಷದ್ದು, ಆದ್ದರಿಂದ ಅದಕ್ಕೆ ತಗುಲಿದ ಶುಲ್ಕವನ್ನೂ ದುಡ್ಡು ಬರುವವರೆಗೆ ಕಾಯದೆ ಮಾರ್ಚ್ 31ಕ್ಕೇ ಬರೆಯಬೇಕು. ಅಕ್ಕನ ಪುಸ್ತಕ ಮುಗಿಸಿದಾಗ ಆ ಎರಡು ದಿನಗಳಲ್ಲಿ ಮಾರಿದ, ತಲಾ 4,200ರ ಎರಡು ಸೀರೆಗಳ ದುಡ್ಡು ನಡುಮನೆಯಲ್ಲಿತ್ತು. ಶುಲ್ಕ ಮತ್ತು ತೆರಿಗೆ 198.24 ಕಳೆದು ಗೇಟ್‌ವೇ ಬಾಕಿ ಎಂದು 8,201.76 ಬರೆದೆವು. ಏಪ್ರಿಲ್ ಎರಡನೇ ವಾರ ಅಕ್ಕ ಹೊಸ ಪಾಸ್‌ಬುಕ್ ಹಿಡಿದು ಬಂದರು. ಈ ಸಲ ಬೆರಳಿಟ್ಟದ್ದು ಆ ವರ್ಷದ ಮೊದಲ ಜಮಾ ಸಾಲಿನ ಮೇಲೆ. "ಎಂಟು ಸಾವಿರದ ಎರಡನೂರಾ ಒಂದು ರೂಪಾಯಿ ಎಪ್ಪತ್ತಾರು ಪೈಸೆ. ಸರಿ ಐತ್ರಿ ಸರ."